ಮನೆಯ ಚಿನ್ನದ ಲೆಕ್ಕಕ್ಕೆ ಒಂದು ಶೀಟು: ಎಕ್ಸ್‌ಚೇಂಜ್ ಬಿಲ್ಲಿನಲ್ಲಿ ಸರಾಸರಿ ಕೆಟ್ಟಿದ್ದು, ಸರಿಹೋಗಿದ್ದು

ಮೈಸೂರಿನ ಒಂದು ಮನೆಯ ಚಿನ್ನವನ್ನು ಶೀಟಿಗೆ ಏರಿಸಿದ ಕೆಲಸದ ದಾಖಲೆ ಇದು. ಶೀಟು ಮೂರು ವಿಷಯ ಹೇಳಬೇಕಿತ್ತು: ಗ್ರಾಂಗೆ ಸರಾಸರಿ ಎಷ್ಟು ಬಿದ್ದಿದೆ, ಇವತ್ತು ಎಷ್ಟು ಬಾಳುತ್ತದೆ, ಲಾಭ ಎಷ್ಟು. ತೂಕದ ಒಂದು ತಪ್ಪು ತಿದ್ದಿದ ಮೇಲೆ ಮೊದಲ ಮೂರು ಬಿಲ್ಲುಗಳವರೆಗೆ ಎಲ್ಲ ಸರಿಯಾಗಿತ್ತು. ನಾಲ್ಕನೆಯದು ಹಳೆ ಸರ ಕೊಟ್ಟು ಹೊಸ ಸರ ತಂದ ಬಿಲ್ಲು. ಲೆಕ್ಕ ತಪ್ಪಿದ್ದು ಅಲ್ಲಿ. ಬಿಲ್ಲಿನ ಮೊತ್ತಗಳನ್ನು ಇಲ್ಲಿ ಓದಲು ಸುಲಭವಾಗುವಂತೆ ದುಂಡಗೆ ಮಾಡಿದ್ದೇವೆ. ಲೆಕ್ಕದ ಕ್ರಮ ಹಾಗೇ ಇದೆ.

ಬೇಕಾದ ಸಾಮಾನು

ಗೂಗಲ್ ಶೀಟ್ಸ್ ಅಥವಾ ಲಿಬ್ರೆ ಆಫೀಸ್, ಎರಡೂ ಬಿಟ್ಟಿ. 0.01 ಗ್ರಾಂವರೆಗೆ ತೋರಿಸುವ, 200 ಗ್ರಾಂ ತಡೆಯುವ ಪಾಕೆಟ್ ತಕ್ಕಡಿ ಸುಮಾರು ₹500. ಅಡುಗೆಮನೆಯ ತಕ್ಕಡಿ ಒಂದೊಂದು ಗ್ರಾಂ ಲೆಕ್ಕದಲ್ಲಿ ತೂಗುವುದರಿಂದ ಈ ಕೆಲಸಕ್ಕೆ ಆಗದು. ತಂದ ತಕ್ಷಣ ತಕ್ಕಡಿಯನ್ನು ಪರೀಕ್ಷಿಸಲು 2011ರ ನಂತರದ ಹೊಸ ₹10 ನಾಣ್ಯ ಸಾಕು. ಅದರ ತೂಕ ಸುಮಾರು 7.71 ಗ್ರಾಂ. ನಾಲ್ಕು ನಾಣ್ಯ ಒಟ್ಟಿಗಿಟ್ಟರೆ 30.84ರ ಆಸುಪಾಸು ಬರಬೇಕು. ಸವೆದ ನಾಣ್ಯ ತುಸು ಕಡಿಮೆ ತೋರಿಸುತ್ತದೆ. ಅರ್ಧ ಗ್ರಾಂ ವ್ಯತ್ಯಾಸ ಬಂದರೆ ಮಾತ್ರ ತಕ್ಕಡಿ ವಾಪಸು ಕೊಡಿ.

ಎಲ್ಲಕ್ಕಿಂತ ಮೊದಲು ಬಿಲ್ಲುಗಳ ಫೋಟೋ ತೆಗೆದಿಡಿ. ಥರ್ಮಲ್ ಕಾಗದದ ಬಿಲ್ಲು ಬೀರುವಿನಲ್ಲಿದ್ದರೂ ಎರಡು ಮೂರು ವರ್ಷಕ್ಕೆ ಮಸುಕಾಗುತ್ತದೆ. ನಮ್ಮ ಕಟ್ಟಿನಲ್ಲಿ ಒಂದು ಬಿಲ್ಲಿನ ತೂಕದ ಸಾಲನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ಓದಬೇಕಾಯಿತು.

ಹಂತ 1: ಬಿಲ್ಲು ಓದುವುದು

ಅಶೋಕ ರಸ್ತೆಯ ಶೋರೂಮಿನ ಬಿಲ್ಲಿಗೂ ಮಂಡ್ಯದ ಪೇಟೆ ಬೀದಿಯ ಹಳೆ ಅಂಗಡಿಯ ಬಿಲ್ಲಿಗೂ ಕಾಲಮ್ಮುಗಳ ಹೆಸರು ಒಂದೇ ಇರುವುದಿಲ್ಲ. ಮಾಡುವ ಕೂಲಿ, ಅಂದರೆ ಮೇಕಿಂಗ್, ಒಂದರಲ್ಲಿ VA ಎಂದು ಶೇಕಡಾ ಲೆಕ್ಕದಲ್ಲಿದ್ದರೆ, ಇನ್ನೊಂದರಲ್ಲಿ ವೇಸ್ಟೇಜ್ ಎಂದು ಗ್ರಾಂ ಲೆಕ್ಕ. ಶೀಟಿಗೆ ಬೇಕಾಗುವ ತೂಕ ಎರಡೇ: ಒಟ್ಟು ತೂಕ ಮತ್ತು ಅದರಲ್ಲಿರುವ ಕಲ್ಲಿನ ತೂಕ. ಒಟ್ಟಿನಲ್ಲಿ ಕಲ್ಲು ಕಳೆದರೆ ಚಿನ್ನದ ತೂಕ.

ಮೊದಲ ತಪ್ಪು ಇಲ್ಲೇ ಆಯಿತು. ಒಂದು ಹಳೆ ಬಿಲ್ಲಿನಲ್ಲಿ «20.000 + 2.000 = 22.000» ಎಂದಿತ್ತು. 22 ಗ್ರಾಂ ಎಂದೇ ಶೀಟಿಗೆ ಹೋಯಿತು. ಆ 2 ಗ್ರಾಂ ವೇಸ್ಟೇಜ್. ದುಡ್ಡು ಕೊಟ್ಟಿದ್ದೇವೆ, ಚಿನ್ನ ಮನೆಗೆ ಬಂದಿಲ್ಲ. ಸರವನ್ನು ತಕ್ಕಡಿಗೆ ಹಾಕಿ 20ರ ಹತ್ತಿರ ಬಂದಾಗಲೇ ಇದು ಗೊತ್ತಾಗಿದ್ದು. ವೇಸ್ಟೇಜ್ ಗ್ರಾಂನಲ್ಲಿ ಬರೆದಿದ್ದರೂ ಅದು ಹಣದ ಕಾಲಮ್ಮಿಗೆ ಮಾತ್ರ ಸೇರಬೇಕು, ತೂಕದ ಕಾಲಮ್ಮಿಗೆ ಅಲ್ಲ.

ಹಂತ 2: ಎಲ್ಲವನ್ನೂ ಚೊಕ್ಕ ಗ್ರಾಂಗೆ ಇಳಿಸುವುದು

ಒಡವೆ 22 ಕ್ಯಾರೆಟ್, ನಾಣ್ಯ 24, ಕೆಲವು ಉಂಗುರ 18. ಈ ಮೂರರ ಗ್ರಾಂಗಳನ್ನು ಹಾಗೇ ಕೂಡಿದರೆ ಸರಾಸರಿಗೆ ಅರ್ಥವೇ ಇರುವುದಿಲ್ಲ. ಹಾಲ್‌ಮಾರ್ಕಿನಲ್ಲಿರುವ ಸಂಖ್ಯೆಯನ್ನೇ ಹಾಕಿ: 22ಕ್ಕೆ 916, 18ಕ್ಕೆ 750, ನಾಣ್ಯಕ್ಕೆ ಅದರ ಮೇಲೆ 999 ಅಥವಾ 995 ಏನಿದೆಯೋ ಅದು. ಸಾವಿರಕ್ಕೆ ಇಷ್ಟು ಭಾಗ ಚಿನ್ನ ಎಂದು ಅದರ ಅರ್ಥ.

ಶೀಟಿನ ಕಾಲಮ್ಮುಗಳು: A ದಿನಾಂಕ, B ವಸ್ತು, C ಎಚ್‌ಯುಐಡಿ, D ಬಂದಿದ್ದೋ ಹೋಗಿದ್ದೋ, E ಒಟ್ಟು ತೂಕ, F ಕಲ್ಲಿನ ತೂಕ, G ಪ್ಯೂರಿಟಿ, H ಚೊಕ್ಕ ಗ್ರಾಂ, I ಬಿಲ್ಲಿನ ಮೊತ್ತ. D ಕಾಲಮ್ಮಿನಲ್ಲಿ `IN` ಅಥವಾ `OUT` ಅಷ್ಟೇ.

```
H2: =ROUND((E2-F2)*G2/1000,3)
```

ಎಚ್‌ಯುಐಡಿ ಎಂದರೆ ಒಡವೆಯ ಮೇಲೆ ಕೊರೆದಿರುವ ಆರು ಅಕ್ಷರ-ಅಂಕಿಗಳ ಗುರುತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಒಡವೆ ಮಾರಲು ಅದು ಕಡ್ಡಾಯ. ಅದಕ್ಕೂ ಹಳೆಯದರಲ್ಲಿ ಇಲ್ಲದಿದ್ದರೆ ಖಾಲಿ ಬಿಡಿ. ಇರುವುದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಪ್ಯೂರಿಟಿ ತೋರಿಸುತ್ತದೆ. ಬಿಲ್ಲಿಗೂ ಅದಕ್ಕೂ ತಾಳೆ ನೋಡಿಯೇ G ತುಂಬಿ.

ಟೈಪಿಂಗಿನ ಎರಡು ಕಷ್ಟ ಇಲ್ಲೇ ಹೇಳಬೇಕು. ಫೋನಿನ ಕನ್ನಡ ಕೀಬೋರ್ಡಿನಲ್ಲಿ ೨೦ ಎಂದು ಕನ್ನಡ ಅಂಕಿ ಒತ್ತಿದರೆ ಶೀಟು ಅದನ್ನು ಸಂಖ್ಯೆ ಎನ್ನದೆ ಪದ ಎಂದು ಇಟ್ಟುಕೊಳ್ಳಬಹುದು. ಅನುಮಾನ ಬಂದ ಕೋಶಕ್ಕೆ `=ISNUMBER(E2)` ಹಾಕಿ ನೋಡಿ; FALSE ಬಂದರೆ ಅಂಕಿಯನ್ನು ಮತ್ತೆ ಒತ್ತಿ. ಇನ್ನೊಂದು, ಫೈಲಿನ ಲೊಕೇಲ್ ಅಮೆರಿಕದ್ದಾಗಿದ್ದರೆ 07-05-2019 ಎನ್ನುವುದು ಮೇ 7 ಹೋಗಿ ಜುಲೈ 5 ಆಗುತ್ತದೆ. ಗೂಗಲ್ ಶೀಟ್ಸಿನ File > Settings ಒಳಗೆ ಲೊಕೇಲ್ India ಮಾಡಿದ ಮೇಲೆಯೇ ದಿನಾಂಕ ತುಂಬಿ.

ಹಂತ 3: ಓಡುವ ಸರಾಸರಿ

ಮುಂದಿನ ನಾಲ್ಕು ಕಾಲಮ್ಮು ಶೀಟೇ ತುಂಬಿಕೊಳ್ಳುತ್ತದೆ. J ಕೈಲಿರುವ ಚೊಕ್ಕ ಗ್ರಾಂ, K ಅದಕ್ಕೆ ಬಿದ್ದ ಹಣ, L ಗ್ರಾಂಗೆ ಸರಾಸರಿ, M ಕೊಟ್ಟಾಗ ಕೈಗೆ ಬಂದ ಲಾಭ.

```
J2: =N(J1)+IF(D2="IN",H2,-H2)
K2: =N(K1)+IF(D2="IN",I2,-H2*L1)
L2: =IF(J2>0,K2/J2,0)
M2: =IF(D2="OUT",I2-H2*L1,0)
```

ಮೊದಲ ಸಾಲಿನಲ್ಲಿ ಶೀರ್ಷಿಕೆಗಳಿರುವುದರಿಂದ `N()` ಬೇಕು. ಪದವನ್ನು ಅದು ಸೊನ್ನೆ ಎಂದು ಓದುತ್ತದೆ. ನಾಲ್ಕನ್ನೂ ಕೆಳಕ್ಕೆ ಎಳೆಯಿರಿ.

ಮೂರು ಬಿಲ್ಲು ತುಂಬಿದೆವು. 2019ರ ಮೇ ತಿಂಗಳ ಸರ: 20 ಗ್ರಾಂ, 916, ದರ ₹3,000, ಮೇಕಿಂಗ್ 10%, ಒಟ್ಟಿನ ಮೇಲೆ 3% ಜಿಎಸ್‌ಟಿ ಸೇರಿ ₹67,980. 2021ರ ನವೆಂಬರಿನ 10 ಗ್ರಾಂ ನಾಣ್ಯ: 999, ₹4,900ರಂತೆ, ಮೇಕಿಂಗ್ ₹500, ಜಿಎಸ್‌ಟಿ ಸೇರಿ ₹50,985. 2023ರ ಜೂನಿನ ಜುಮುಕಿ: ಒಟ್ಟು 12.400 ಗ್ರಾಂ, ಅದರಲ್ಲಿ ಕಲ್ಲು 1.150, ದರ ₹5,500, ಮೇಕಿಂಗ್ 14%, ಕಲ್ಲಿಗೆ ₹3,000, ಎಲ್ಲ ಸೇರಿ ₹75,744. ಈಗಿನ ಬಿಲ್ಲುಗಳಲ್ಲಿ ಒಂದೊಂದು ವಸ್ತುವಿಗೆ ₹45 ಹಾಲ್‌ಮಾರ್ಕ್ ಶುಲ್ಕವೂ ಅದರ ಮೇಲೆ 18% ಜಿಎಸ್‌ಟಿಯೂ ಇರುತ್ತದೆ. ಇಲ್ಲಿನ ಲೆಕ್ಕದಲ್ಲಿ ಅದನ್ನು ಬಿಟ್ಟಿದ್ದೇವೆ.

ಚೊಕ್ಕ ಗ್ರಾಂ ಕ್ರಮವಾಗಿ 18.320, 9.990, 10.305. ಒಟ್ಟು 38.615. ಬಿದ್ದ ಹಣ ₹1,94,709. ಸರಾಸರಿ ಗ್ರಾಂಗೆ ₹5,042.

ಇದೇ ಮೂರರಲ್ಲಿ ಬರೀ ಚಿನ್ನಕ್ಕೆ ಕೊಟ್ಟದ್ದನ್ನು ಮಾತ್ರ ಕೂಡಿದರೆ ₹1,70,875, ಗ್ರಾಂಗೆ ₹4,425. ಮಧ್ಯೆ ಉಳಿದ ₹617 ಮೇಕಿಂಗ್, ಕಲ್ಲು, ತೆರಿಗೆಗೆ ಹೋದದ್ದು. ಸರಾಸರಿ ಎಂದಾಗ ಈ ಎರಡರಲ್ಲಿ ಯಾವುದು ಎಂದು ಮೊದಲೇ ತೀರ್ಮಾನಿಸಬೇಕು. ನಾವು ಪೂರ್ತಿ ಬಿಲ್ಲಿನ ಮೊತ್ತವನ್ನೇ ಹಿಡಿದೆವು. ಮಾರಲು ಹೋದಾಗ ಮೇಕಿಂಗ್ ಹಣ ವಾಪಸು ಬರುವುದಿಲ್ಲ, ಕಲ್ಲಿಗೂ ಕೈಗೆ ಹತ್ತುವುದು ಅಲ್ಪ; ಹಾಗಿದ್ದಮೇಲೆ ಅದು ನಷ್ಟವಾಗಿ ಶೀಟಿನಲ್ಲಿ ಕಾಣಲೇಬೇಕು. ಚಿನ್ನದ ಬೆಲೆ ಮಾತ್ರ ಹಿಡಿದ ಶೀಟು ತಂದ ದಿನವೇ «ನಷ್ಟ ಇಲ್ಲ» ಎನ್ನುತ್ತದೆ. ಅದು ನಿಜವಲ್ಲ.

ಹಂತ 4: ಎಕ್ಸ್‌ಚೇಂಜ್ ಬಿಲ್ಲು

2024ರ ಅಕ್ಟೋಬರಿನಲ್ಲಿ 2019ರ ಸರ ಕೊಟ್ಟು 30 ಗ್ರಾಂನ ಮಾಂಗಲ್ಯ ಸರ ತಂದದ್ದು. ದರ ₹7,200. ಬಿಲ್ಲಿನ ಮೇಲುಭಾಗದಲ್ಲಿ ಹೊಸ ಸರ: ಚಿನ್ನಕ್ಕೆ ₹2,16,000, ಮೇಕಿಂಗ್ 10% ₹21,600, ಜಿಎಸ್‌ಟಿ ₹7,128, ಒಟ್ಟು ₹2,44,728. ಕೆಳಗೆ ಹಳೆಯದು: ಅಂಗಡಿಯ ತಕ್ಕಡಿಯಲ್ಲಿ 19.840 ಗ್ರಾಂ, ಅದರಲ್ಲಿ 2% ಕಳೆದು ಬಾಕಿಗೆ ₹7,200ರಂತೆ ₹1,39,991. ಕೊನೆಯ ಸಾಲಿನಲ್ಲಿ ದಪ್ಪ ಅಕ್ಷರದಲ್ಲಿ ಕೊಡಬೇಕಾದ್ದು ₹1,04,737.

ಕಣ್ಣಿಗೆ ಬೀಳುವುದು ಆ ದಪ್ಪ ಅಕ್ಷರ. ಬ್ಯಾಂಕಿನಿಂದ ಹೋಗಿರುವುದೂ ಅಷ್ಟೇ. ಹಾಗಾಗಿ ಶೀಟಿನಲ್ಲಿ ಒಂದೇ ಸಾಲು ಬಿತ್ತು: `IN`, 30 ಗ್ರಾಂ, ₹1,04,737. ಕೈಲಿರುವ ಚಿನ್ನ 66.095 ಚೊಕ್ಕ ಗ್ರಾಂ ಎಂದಾಯಿತು, ಸರಾಸರಿ ₹5,042ರಿಂದ ₹4,531ಕ್ಕೆ ಇಳಿಯಿತು.

ತಪ್ಪಿನ ಗುರುತು ಆ ಇಳಿತದಲ್ಲೇ ಇದೆ. ಹಳೆ ಸರಾಸರಿಗಿಂತ ಹೆಚ್ಚಿನ ದರಕ್ಕೆ ತಂದರೆ ಸರಾಸರಿ ಏರಲೇಬೇಕು; ಇಳಿಯಲು ದಾರಿಯೇ ಇಲ್ಲ. ಇಳಿದಿದೆ ಎಂದರೆ ಒಂದೋ ಗ್ರಾಂ ಹೆಚ್ಚು ಬಿದ್ದಿದೆ, ಇಲ್ಲವೇ ಹಣ ಕಡಿಮೆ ಬಿದ್ದಿದೆ. ಇಲ್ಲಿ ಎರಡೂ ಆಗಿತ್ತು: ಹೋದ ಸರ ಇನ್ನೂ ಶೀಟಿನಲ್ಲೇ ಇತ್ತು, ಹೊಸ ಸರದ ಬೆಲೆಯಲ್ಲಿ ಹಳೆ ಸರದಿಂದ ಸಂದ ಭಾಗ ಬಿಟ್ಟುಹೋಗಿತ್ತು.

ಮೊದಲ ತಿದ್ದುಪಡಿಯೂ ಅರೆಬರೆಯಾಯಿತು. `OUT` ಸಾಲು ಹಾಕಿದೆವು, ಆದರೆ ಅಂಗಡಿ ತೂಗಿದ 19.840 ಎಂದು ಹಾಕಿದೆವು. ಸರ ಪೂರ್ತಿ ಹೋದ ಮೇಲೂ ಶೀಟಿನಲ್ಲಿ ಅದರ 0.16 ಗ್ರಾಂ ಉಳಿಯಿತು. ಅದು ಐದು ವರ್ಷ ಹಾಕಿಕೊಂಡು ಸವೆದದ್ದು, ಎಲ್ಲಿಯೂ ಇಲ್ಲ. ವಸ್ತು ಪೂರ್ತಿ ಹೋದಾಗ ಶೀಟಿಗೆ ಬಂದಿದ್ದ ತೂಕವೇ, ಅಂದರೆ 20 ಗ್ರಾಂ, ಹೊರಗೆ ಹೋಗಬೇಕು. ಸವೆತ, ಅಂಗಡಿಯ 2% ಎರಡೂ ಹಣದಲ್ಲಿ ತಾವಾಗಿಯೇ ಬಂದುಬಿಡುತ್ತವೆ; ಏಕೆಂದರೆ ಸಿಕ್ಕ ಮೊತ್ತ ಅಷ್ಟರ ಮಟ್ಟಿಗೆ ಕಡಿಮೆ ಇರುತ್ತದೆ.

ಸರಿಯಾದದ್ದು ಹೀಗೆ. ಒಂದು ಬಿಲ್ಲಿಗೆ ಎರಡು ಸಾಲು, `OUT` ಮೊದಲು, `IN` ಆಮೇಲೆ.

```
5: OUT  E=20.000  G=916  I=139991
6: IN   E=30.000  G=916  I=244728
```

ಐದನೇ ಸಾಲಿನಲ್ಲಿ 18.320 ಚೊಕ್ಕ ಗ್ರಾಂ ₹5,042ರ ಸರಾಸರಿಯಲ್ಲಿ ಹೊರಗೆ ಹೋಗುತ್ತದೆ, ಅಂದರೆ ₹92,375. ಸಿಕ್ಕಿದ್ದು ₹1,39,991. M ಕಾಲಮ್ಮಿನಲ್ಲಿ ಲಾಭ ₹47,616. ಉಳಿದ 20.295 ಗ್ರಾಂನ ಸರಾಸರಿ ₹5,042 ಆಗಿಯೇ ಇರುತ್ತದೆ. ಕೊಟ್ಟಾಗ ಸರಾಸರಿ ಕದಲಬಾರದು, ಇದು ಇನ್ನೊಂದು ಪರೀಕ್ಷೆ. ಆರನೇ ಸಾಲಿನಲ್ಲಿ 27.480 ಗ್ರಾಂ ಪೂರ್ತಿ ಬೆಲೆಗೆ ಸೇರಿ ಒಟ್ಟು 47.775 ಗ್ರಾಂ, ಹಣ ₹3,47,062, ಸರಾಸರಿ ₹7,265.

ಸರಾಸರಿ ಏಕಾಏಕಿ ₹5,042ರಿಂದ ₹7,265ಕ್ಕೆ ಹಾರಿದ್ದು ನೋಡಿ ಮನೆಯಲ್ಲಿ ಗಾಬರಿಯಾಯಿತು. ತಪ್ಪಲ್ಲ. ಹಳೆ ಅಗ್ಗದ ಚಿನ್ನ ಹೋಯಿತು, ಅದರ ಲಾಭ M ಕಾಲಮ್ಮಿಗೆ ಸರಿದುಕೊಂಡಿತು, ಬದಲಿಗೆ ದುಬಾರಿ ಚಿನ್ನ ಬಂತು.

ತಾಳೆ ನೋಡಲು N ಕಾಲಮ್ಮು ಸೇರಿಸಿದೆವು. ಅದರಲ್ಲಿ ಜೇಬಿನಿಂದ ನಿಜವಾಗಿ ಹೋದ ಹಣ ಮಾತ್ರ, ಪಾಸ್‌ಬುಕ್ ನೋಡಿ. ಐದನೇ ಸಾಲಿಗೆ 0, ಆರನೆಯದಕ್ಕೆ 104737. ಹಣ ಕೈಗೆ ಬಂದ ಮಾರಾಟವಾದರೆ ಮೈನಸ್ ಹಾಕಿ.

```
=K6-SUM(M2:M6)-SUM(N2:N6)
```

ಉತ್ತರ 0 ಬರಬೇಕು. 3,47,062ರಲ್ಲಿ 47,616 ಕಳೆದರೆ 2,99,446. ಜೇಬಿನಿಂದ ಹೋದದ್ದೂ ಅಷ್ಟೇ. ಒಂದೇ ಸಾಲಿನ ತಪ್ಪು ನಮೂದಿನಲ್ಲೂ ಈ ಸೂತ್ರ 0 ತೋರಿಸುತ್ತದೆ ಎಂಬುದನ್ನು ಮರೆಯಬೇಡಿ, ಏಕೆಂದರೆ ಇದು ನೋಡುವುದು ಹಣವನ್ನು ಮಾತ್ರ. ಗ್ರಾಂ ಸರಿಯಿದೆಯೇ ಎಂದು ತಿಳಿಯಲು ತಕ್ಕಡಿಯೇ ಬೇಕು.

ಹಂತ 5: ತಡವಾಗಿ ಸಿಕ್ಕ ಬಿಲ್ಲು

ಕೆಲಸ ಮುಗಿಯಿತು ಎನ್ನುವಾಗ 2020ರ ಒಂದು ಉಂಗುರದ ಬಿಲ್ಲು ಸಿಕ್ಕಿತು. ಅದನ್ನು ಕೊನೆಯಲ್ಲಿ ಹಾಕುವಂತಿಲ್ಲ. ಎಕ್ಸ್‌ಚೇಂಜಿಗೆ ಮೊದಲೇ ಮನೆಯಲ್ಲಿದ್ದ ಚಿನ್ನವಾದ್ದರಿಂದ ಹೊರಗೆ ಹೋದ ಸರಾಸರಿಯೂ ಬದಲಾಗುತ್ತದೆ. ದಿನಾಂಕದ ಜಾಗದಲ್ಲಿ ಹೊಸ ಸಾಲು ತೂರಿಸಿದೆವು, ಸೂತ್ರ ಹಾಕಿದೆವು. ಒಟ್ಟು ಗ್ರಾಂ ಒಂದಿಷ್ಟೂ ಕದಲಲಿಲ್ಲ.

ಕಾರಣ: ನಡುವೆ ಸಾಲು ತೂರಿಸಿದಾಗ ಅದರ ಕೆಳಗಿನ ಸಾಲಿನ ಸೂತ್ರ ಮೊದಲು ಯಾವ ಸಾಲನ್ನು ನೋಡುತ್ತಿತ್ತೋ ಅದನ್ನೇ ನೋಡುತ್ತಿರುತ್ತದೆ. ಹೊಸ ಸಾಲನ್ನು ಹಾರಿ ಮೇಲಿನದಕ್ಕೆ ಕೊಂಡಿ ಹಾಕಿಕೊಂಡಿರುತ್ತದೆ. ಪ್ರತಿ ಸಲ ಸಾಲು ತೂರಿಸಿದ ಮೇಲೆ J2ರಿಂದ M2ವರೆಗೆ ಆಯ್ದು ಮತ್ತೆ ಕೊನೆಯವರೆಗೆ ಎಳೆಯಿರಿ. ಮರೆತರೆ ಗೊತ್ತಾಗಲಿ ಎಂದು ಒಂದು ಕೋಶದಲ್ಲಿ ಇದನ್ನು ಇಟ್ಟಿದ್ದೇವೆ. J ಕಾಲಮ್ಮಿನ ಕೊನೆಯ ಸಂಖ್ಯೆಗೆ ಇದು ಸಮ ಇರಬೇಕು.

```
=SUMIF(D:D,"IN",H:H)-SUMIF(D:D,"OUT",H:H)
```

ಆ ಉಂಗುರ ಮಗಳದ್ದು ಎಂದು ಆಮೇಲೆ ತಿಳಿದದ್ದರಿಂದ ಅದನ್ನು ಅವಳ ಶೀಟಿಗೆ ಸಾಗಿಸಿದೆವು. ಒಬ್ಬೊಬ್ಬರಿಗೆ ಒಂದೊಂದು ಶೀಟು ಇರಲೇಬೇಕು. ಅತ್ತೆಯ ಅಗ್ಗದ ಚಿನ್ನ ಸೊಸೆಯ ಸರಾಸರಿಯನ್ನು ಇಳಿಸಬಾರದು. ಮೇಲಿನ ಸಂಖ್ಯೆಗಳೆಲ್ಲ ಒಬ್ಬರದೇ.

ಹಂತ 6: ಇವತ್ತಿನ ಬೆಲೆ

ದರವನ್ನು ಕೈಯಿಂದಲೇ ಹಾಕುತ್ತೇವೆ, ತಿಂಗಳಿಗೊಮ್ಮೆ, ಅಂಗಡಿಯ ಬೋರ್ಡಿನ 22 ಕ್ಯಾರೆಟ್ ದರ. `Rate` ಎಂಬ ಹಾಳೆಯ B1ರಲ್ಲಿ ಅದು. B2ರಲ್ಲಿ `=B1/0.916`, ಅದು ಚೊಕ್ಕ ಗ್ರಾಂನ ದರ. ಬೋರ್ಡಿನಲ್ಲಿ ₹11,000 ಎಂದಿಟ್ಟುಕೊಂಡರೆ ಚೊಕ್ಕ ಗ್ರಾಂಗೆ ₹12,009. 47.775 ಗ್ರಾಂಗೆ ₹5,73,717. ಬಿದ್ದ ಹಣ ಕಳೆದರೆ ಲಾಭ ₹2,26,655.

ಇಲ್ಲಿ ಸುಲಭವಾಗಿ ಆಗುವ ತಪ್ಪು, ಚೊಕ್ಕ ಗ್ರಾಂನ ದರವನ್ನು ಒಡವೆಯ ತೂಕಕ್ಕೆ ಗುಣಿಸುವುದು. ಜುಮುಕಿ 11.25, ಸರ 30, ನಾಣ್ಯ 10 ಸೇರಿ 51.25 ಗ್ರಾಂ ಎಂದು ಗುಣಿಸಿದರೆ ಇಲ್ಲದ ₹41,730 ಶೀಟಿನಲ್ಲಿ ಹುಟ್ಟಿಕೊಳ್ಳುತ್ತದೆ.

ಬೋರ್ಡಿನ ದರ ಮಾರುವವರ ಕೈಗೆ ಬರುವುದಿಲ್ಲ. ಪ್ರತಿ ವಸ್ತುವಿಗೂ ಕಳೆತದ ಕಾಲಮ್ಮು ಇಟ್ಟೆವು: ಒಡವೆಗೆ 3%, ನಾಣ್ಯಕ್ಕೆ 1%. ಇದು ನಮ್ಮ ಅಂದಾಜು. ನಿಮ್ಮ ಹಳೆ ಎಕ್ಸ್‌ಚೇಂಜ್ ಬಿಲ್ಲಿನಲ್ಲಿ ಎಷ್ಟು ಕಳೆದಿದ್ದಾರೋ ಅದನ್ನೇ ಹಾಕಿ. ಹಾಗೆ ಕಳೆದ ಮೇಲೆ ಬೆಲೆ ₹5,58,905, ಲಾಭ ₹2,11,843, ಅಂದರೆ 61%. ಮನೆಯವರಿಗೆ ತೋರಿಸುವ ಸಂಖ್ಯೆ ಇದೇ. ಬ್ಯಾಂಕಿನಿಂದ ತಂದ ನಾಣ್ಯವಿದ್ದರೆ ಒಂದು ಮಾತು: ಬ್ಯಾಂಕು ತಾನು ಮಾರಿದ ನಾಣ್ಯವನ್ನು ವಾಪಸು ಕೊಳ್ಳುವುದಿಲ್ಲ, ಅಂಗಡಿಗೇ ಹೋಗಬೇಕು.

ಹಂತ 7: ಬಿಲ್ಲಿಲ್ಲದ ಚಿನ್ನ, ತೆರಿಗೆಯ ಲೆಕ್ಕ

ಅಜ್ಜಿಯ 40 ಗ್ರಾಂ ಕಾಸಿನ ಸರವನ್ನು ಸೊನ್ನೆ ರೂಪಾಯಿಗೆ `IN` ಮಾಡಿ ನೋಡಿದೆವು. ಸರಾಸರಿ ₹7,265ರಿಂದ ₹4,111ಕ್ಕೆ ಬಿತ್ತು. ಯಾರೂ ಆ ಬೆಲೆಗೆ ಕೊಂಡಿಲ್ಲ. ಬಳುವಳಿಯಾಗಿ ಬಂದದ್ದಕ್ಕೆ ಬೇರೆ ಹಾಳೆ ಮಾಡಿ ತೂಕ, ಇವತ್ತಿನ ಬೆಲೆ ಎರಡನ್ನೇ ಇಟ್ಟೆವು. ಪ್ಯೂರಿಟಿಗೂ 916 ಎಂದು ಹಾಕುವಂತಿಲ್ಲ. ಹಳೆ ಕೈಕೆಲಸದ ಒಡವೆಯಲ್ಲಿ ಬೆಸುಗೆ ಇರುತ್ತದೆ, ಕೆಲವದರ ಹೊಟ್ಟೆಯಲ್ಲಿ ಅರಗು ಇರುತ್ತದೆ. ಬಿಐಎಸ್ ಮಾನ್ಯತೆಯ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ ಬಂದ ಸಂಖ್ಯೆಯನ್ನೇ G ಕಾಲಮ್ಮಿಗೆ ಹಾಕಿ.

ತೆರಿಗೆಗೆ ಈ ಸರಾಸರಿ ಬೇಡ. ಹಳೆಯದನ್ನು ಕೊಟ್ಟು ಹೊಸದು ತಂದರೂ ಅದು ಮಾರಾಟವೇ, ಮತ್ತು ಅಲ್ಲಿ ಬೇಕಾಗುವುದು ಆ ವಸ್ತುವಿನದೇ ಖರೀದಿ ಬೆಲೆ. ನಮ್ಮ ಸರದ ಲೆಕ್ಕದಲ್ಲಿ 1,39,991ರಿಂದ 67,980 ಕಳೆದು ₹72,011. ಶೀಟಿನ M ಕಾಲಮ್ಮು ತೋರಿಸುವ ₹47,616 ಅಲ್ಲ. 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡದ್ದು, 2024ರ ಜುಲೈ 23ರ ನಂತರ ಕೊಟ್ಟದ್ದು. ಆದ್ದರಿಂದ ಬೆಲೆಯೇರಿಕೆಗೆ ತಕ್ಕಂತೆ ಖರೀದಿ ಬೆಲೆ ಹೆಚ್ಚಿಸಿಕೊಳ್ಳುವ ಇಂಡೆಕ್ಸೇಶನ್ ಇಲ್ಲದೆ 12.5% ದರ, ಮೇಲೆ ಸೆಸ್. ಬಳುವಳಿಯ ಒಡವೆಗೆ ಹಿಂದಿನವರು ಕೊಟ್ಟ ಬೆಲೆಯೇ ಬೆಲೆ. ಅವರು 2001ರ ಏಪ್ರಿಲ್ 1ಕ್ಕೆ ಮೊದಲು ಕೊಂಡಿದ್ದರೆ ಆ ದಿನದ ಮಾರುಕಟ್ಟೆ ಬೆಲೆ ಹಿಡಿಯಬಹುದು. ಇದಕ್ಕಾಗಿ O ಕಾಲಮ್ಮು ಸೇರಿಸಿದೆವು: `OUT` ಸಾಲಿನಲ್ಲಿ ಆ ವಸ್ತು ಬಂದ `IN` ಸಾಲಿನ ದಿನಾಂಕ ಮತ್ತು ಬಿಲ್ಲಿನ ಮೊತ್ತ. ಲೆಕ್ಕ ಪರಿಶೋಧಕರು ಕೇಳುವುದು ಅವೆರಡನ್ನೇ.

ಒಂದು ಕೆಲಸ ಇನ್ನೂ ಬಾಕಿ ಇದೆ. ಎರಡು ಹಳೆ ಬಳೆಗಳನ್ನು ಆಚಾರಿಗೆ ಕೊಟ್ಟು ಕರಗಿಸಿ ಒಂದು ಜೊತೆ ಓಲೆ ಮಾಡಿಸಲಿದ್ದೇವೆ. ಮಾರಾಟವಲ್ಲದ್ದರಿಂದ `OUT` ಸಾಲಿನ I ಕೋಶದಲ್ಲಿ ಹೋದ ಚೊಕ್ಕ ಗ್ರಾಂ ಮತ್ತು ಹಿಂದಿನ ಸಾಲಿನ L ಇವುಗಳ ಗುಣಲಬ್ಧ ಬೀಳಬೇಕು, ಆಗ M ಸೊನ್ನೆಯಾಗುತ್ತದೆ. ಅದೇ ಮೊತ್ತಕ್ಕೆ ಆಚಾರಿಯ ಕೂಲಿ ಕೂಡಿಸಿ ಓಲೆಯ `IN` ಸಾಲಿಗೆ. ಬಳೆಗಳನ್ನು ಕೊಡುವ ಮೊದಲು ತೂಗಿ ಫೋಟೋ ತೆಗೆದಿದೆ. ಓಲೆ ಬಂದ ದಿನ ಮತ್ತೆ ತೂಗಿ, ಕರಗಿಸುವಾಗ ಹೋದ ಗ್ರಾಂ ಎಷ್ಟೆಂದು ಬರೆಯಬೇಕು.